ಕೊಳೆರೋಗ ಎಂದು ಹುಡುಕಿದವರಿಗೆ ‘ಮಳೆ ಬರೆದ ಕಣ್ಣೀರು’ ಸಿಗಲಿಲ್ಲ

ಸಾಗರದ ಕಡೆಯ ನನ್ನ ಗೆಳೆಯನೊಬ್ಬ ಪಾಡ್‌ಕಾಸ್ಟ್ ಮಾಡುತ್ತಾನೆ. ಅಡಿಕೆ ತೋಟ, ಕಾಳುಮೆಣಸು, ಕೂಲಿಯ ಕಷ್ಟ, ಇಂಥವೇ ವಿಷಯಗಳು. ಒಂದು ಮಳೆಗಾಲದಲ್ಲಿ ಹಿರಿಯ ಬೆಳೆಗಾರರೊಬ್ಬರನ್ನು ಕೂರಿಸಿಕೊಂಡು ಮಳೆಗೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿಸಿದ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಹದ, ಮೊದಲ ಸಲ ಯಾವಾಗ ಹೊಡೆಯಬೇಕು, ಮಳೆ ಬಿಡುವು ಕೊಡದಿದ್ದರೆ ಏನು ಮಾಡಬೇಕು, ಎಲ್ಲಾ ಇತ್ತು. ಒಳ್ಳೆಯ ಮಾತುಕತೆ. ಸಂಚಿಕೆಗೆ ಅವನು ಇಟ್ಟ ಹೆಸರು ‘ಸಂಚಿಕೆ 14: ಮಳೆ ಬರೆದ ಕಣ್ಣೀರು’.

ವಾರ ಕಳೆದ ಮೇಲೆ ಪಕ್ಕದ ತೋಟದವರು ಸಿಕ್ಕಿ ಹೇಳಿದರು: “ಎಂತ ಮಾಡಿದ್ರೂ ನಿನ್ನ ಕೊಳೆರೋಗದ್ದು ಸಿಗ್ಲಿಲ್ಲ ಮಾರಾಯ. ಆ್ಯಪಲ್ಲಿ ಹುಡುಕ್ದೆ, ಯಾರೋ ಏನೋ ಹೇಳೋದು ಬಂತು.”

ಸಿಗುವುದು ಹೇಗೆ? ಅವರು ಹುಡುಕಿದ ಪದ ಶೀರ್ಷಿಕೆಯಲ್ಲಿ ಇರಲೇ ಇಲ್ಲ. ಕೆಳಗಿನ ವಿವರಣೆಯಲ್ಲೂ ಇರಲಿಲ್ಲ. ಅಲ್ಲಿ ಇದ್ದದ್ದು ‘ನಮಸ್ಕಾರ, ನಮ್ಮ ಪಾಡ್‌ಕಾಸ್ಟ್‌ಗೆ ಸ್ವಾಗತ. ಈ ಸಂಚಿಕೆಯಲ್ಲಿ ಒಂದು ವಿಶೇಷ ಮಾತುಕತೆ’ ಎಂಬ ಸಾಲು, ಆಮೇಲೆ ಇನ್‌ಸ್ಟಾಗ್ರಾಮ್ ಲಿಂಕ್. ಪತ್ರಿಕೆಯಲ್ಲಾದರೆ ಇಂಥ ಶೀರ್ಷಿಕೆ ನಡೆಯುತ್ತದೆ. ಪಕ್ಕದಲ್ಲೇ ಕೊಳೆತ ಅಡಿಕೆಯ ಫೋಟೊ ಇರುತ್ತದೆ, ಕಣ್ಣು ಅದನ್ನು ನೋಡಿ ವಿಷಯ ತಿಳಿದುಕೊಳ್ಳುತ್ತದೆ. ಪಾಡ್‌ಕಾಸ್ಟ್ ಆ್ಯಪ್‌ನ ಹುಡುಕಾಟಕ್ಕೆ ಆಡಿಯೊ ಒಳಗೆ ಏನಿದೆ ಎಂದು ಹೆಚ್ಚಿನ ಸಲ ಗೊತ್ತಿರುವುದಿಲ್ಲ. ಅದರ ಕೈಯಲ್ಲಿ ಇರುವುದು ನಾವು ಬರೆದುಕೊಟ್ಟ ಅಕ್ಷರಗಳು ಮಾತ್ರ.

‘ಈಗ ಮಾತನ್ನೇ ಬರಹ ಮಾಡುತ್ತಾರಲ್ಲ’ ಎಂದು ಕೇಳಬಹುದು. ಆ್ಯಪಲ್ 2024ರ ಮಾರ್ಚ್‌ನಲ್ಲಿ ಸಂಚಿಕೆಗಳ ಮಾತನ್ನು ತಾನೇ ಬರಹಕ್ಕಿಳಿಸುವ ಸೌಲಭ್ಯ ತಂದಿತು. ಆದರೆ ಶುರುವಾದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಎಂಬ ನಾಲ್ಕು ಭಾಷೆಗಳಿಗೆ. ಸ್ಪಾಟಿಫೈ 2022ರಲ್ಲಿ ಪದಕ್ಕೆ ಪದ ಹೊಂದಿಸಿ ನೋಡುವುದರ ಜೊತೆಗೆ ಅರ್ಥ ನೋಡಿ ಸಂಚಿಕೆ ಹುಡುಕುವ ವಿಧಾನವನ್ನು ಪರಿಚಯಿಸಿತು. ಆ ವಿಧಾನಕ್ಕೂ ಅರ್ಥ ತಿಳಿಯಬೇಕಾದರೆ ಶೀರ್ಷಿಕೆಯಲ್ಲೋ ವಿವರಣೆಯಲ್ಲೋ ವಿಷಯ ಇರಬೇಕು. ‘ಮಳೆ ಬರೆದ ಕಣ್ಣೀರು’ ಎಂಬುದರ ಅರ್ಥ ಎಷ್ಟೇ ಹಿಂಡಿದರೂ ಬೋರ್ಡೋ ದ್ರಾವಣ ಹೊರಗೆ ಬರುವುದಿಲ್ಲ.

ಎಲ್ಲಾ ಆ್ಯಪ್‌ಗಳೂ ಒಂದೇ ಜಾಗ ನೋಡುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಆ್ಯಪಲ್ ಪಾಡ್‌ಕಾಸ್ಟ್ಸ್ ತನ್ನ ಹುಡುಕಾಟಕ್ಕೆ ಯಾವ ಬರಹ ಲೆಕ್ಕಕ್ಕೆ ಬರುತ್ತದೆ ಎಂದು ಹೇಳುವಾಗ ಶೋ ಹೆಸರು, ಚಾನೆಲ್ ಹೆಸರು ಮತ್ತು ಸಂಚಿಕೆಯ ಶೀರ್ಷಿಕೆಯನ್ನು ಮುಂದಿಡುತ್ತದೆ. ಅದರ ಜೊತೆಗೆ ಎಷ್ಟು ಜನ ಫಾಲೊ ಮಾಡುತ್ತಾರೆ, ಹುಡುಕಿದವರು ಯಾವುದನ್ನು ಒತ್ತುತ್ತಾರೆ ಎಂಬುದೂ ಸೇರುತ್ತದೆ. ಪಾಡ್‌ಕಾಸ್ಟ್ ಇಂಡೆಕ್ಸ್ ಎಂಬ ಮುಕ್ತ ಪಟ್ಟಿಯನ್ನು ಹಲವು ಸಣ್ಣ ಆ್ಯಪ್‌ಗಳು ಬಳಸುತ್ತವೆ. ಅದರ ಸಾಮಾನ್ಯ ಹುಡುಕಾಟ ನೋಡುವುದು ಶೋ ಹೆಸರು, ಲೇಖಕ ಮತ್ತು ಮಾಲೀಕರ ಹೆಸರನ್ನು. ಸಂಚಿಕೆಯ ಶೀರ್ಷಿಕೆ ಅಲ್ಲಿ ಲೆಕ್ಕಕ್ಕಿಲ್ಲ. ಆದರೆ ಅದರಲ್ಲೇ ವ್ಯಕ್ತಿಯ ಹೆಸರಿನಿಂದ ಹುಡುಕುವ ಬೇರೆ ದಾರಿಯಿದೆ, ಅದು ಸಂಚಿಕೆಯ ಶೀರ್ಷಿಕೆಯನ್ನೂ ವಿವರಣೆಯನ್ನೂ ನೋಡುತ್ತದೆ. ಅತಿಥಿಯ ಹೆಸರನ್ನು ವಿವರಣೆಯಲ್ಲಿ ಪೂರ್ತಿ ಬರೆಯಬೇಕು ಎನ್ನುವುದಕ್ಕೆ ಇದೊಂದು ಗಟ್ಟಿ ಕಾರಣ. ‘ನಮ್ಮ ಪ್ರೀತಿಯ ಭಟ್ರು’ ಎಂದು ಬರೆದರೆ ಮಲೆನಾಡಿನಲ್ಲಿ ಯಾವ ಭಟ್ರು ಅಂತ ಹುಡುಕುವುದು!

ಹಾಗಾಗಿ ಕೆಲಸ ಹಂಚಿಕೆ ಹೀಗಾಗುತ್ತದೆ. ಹುಡುಕಾಟದಲ್ಲಿ ಸಿಗುವಂತೆ ಮಾಡುವ ಹೊರೆ ಹೆಚ್ಚಾಗಿ ಶೀರ್ಷಿಕೆಯ ಮೇಲೆ. ವಿವರಣೆ ಸ್ಪಾಟಿಫೈ, ಯೂಟ್ಯೂಬ್, ಗೂಗಲ್‌ಗಳಲ್ಲಿ ಕೈ ಜೋಡಿಸುತ್ತದೆ. ಸಿಕ್ಕ ಮೇಲೆ ‘ಹೌದು, ನನಗೆ ಬೇಕಾದ್ದು ಇದೇ’ ಎಂದು ಕೇಳುಗ ಒತ್ತುವಂತೆ ಮಾಡುವುದೂ ವಿವರಣೆಯೇ.

ಇಷ್ಟು ಯಾವ ಭಾಷೆಗಾದರೂ ಸರಿ. ಕನ್ನಡದಲ್ಲಿ ತಲೆನೋವು ಶುರುವಾಗುವುದು ಇದರ ನಂತರ. ಕೇಳುಗ ಯಾವ ಅಕ್ಷರ ಒತ್ತುತ್ತಾನೆ?

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ `Shivamogga`. ಆದರೂ ಫೋನಿನಲ್ಲಿ ಇವತ್ತಿಗೂ `Shimoga` ಎಂದು ಒತ್ತುವವರು ಬೇಕಾದಷ್ಟು ಜನ. ಕನ್ನಡ ಕೀಬೋರ್ಡ್ ಇರುವವರು ಶಿವಮೊಗ್ಗ ಎನ್ನುತ್ತಾರೆ, ಹಳಬರು ಶಿವಮೊಗ್ಗೆ ಎಂದೂ ಬರೆಯುತ್ತಾರೆ. ಒಂದೇ ಊರು, ನಾಲ್ಕು ಬರಹರೂಪ. ಕಾಯಿಲೆಯ ವಿಷಯದಲ್ಲೂ ಹೀಗೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಜ್ವರಕ್ಕೆ ಆಸ್ಪತ್ರೆಯವರು ಕೆಎಫ್‌ಡಿ ಎನ್ನುತ್ತಾರೆ, ಇಂಗ್ಲಿಷ್ ಪತ್ರಿಕೆ `monkey fever` ಎನ್ನುತ್ತದೆ. ಊರಿನವರು ಹುಡುಕುವುದು ಮಂಗನ ಕಾಯಿಲೆ ಅಂತ. ಶೀರ್ಷಿಕೆಯಲ್ಲಿ ಇವುಗಳಲ್ಲಿ ಯಾವುದಿರಬೇಕು ಎಂಬುದು ಸಂಚಿಕೆ ಯಾರಿಗೆ ಎಂಬುದರ ಮೇಲೆ ನಿಂತಿದೆ. ಕಾಡಂಚಿನ ಮನೆಯವರಿಗಾದರೆ ಮಂಗನ ಕಾಯಿಲೆ ಮೊದಲು ಬರಬೇಕು, ಉಳಿದವು ವಿವರಣೆಗೆ ಹೋಗಬೇಕು.

ಗೆಳೆಯನ ಸಂಚಿಕೆಗೆ ಬರೋಣ. ಅವನೂ ನಾನೂ ಕೂತು ಮೊದಲು ಮಾಡಿದ್ದು ಪದಗಳ ಬೇಟೆ. ಅವನು ಅದೇ ಆಡಿಯೊವನ್ನು ಯೂಟ್ಯೂಬ್‌ಗೂ ಹಾಕುತ್ತಾನೆ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದ ಮೇಲೆ ಅಲ್ಲಿಗೆ ಹೋದವರಲ್ಲಿ ಅವನೂ ಒಬ್ಬ. ಇದರಿಂದ ಒಂದು ಲಾಭ ಇದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಲ್ಲಿಂದ ಬಂದರು ಎಂಬ ಭಾಗದಲ್ಲಿ, ಜನ ಯೂಟ್ಯೂಬ್ ಹುಡುಕಾಟದಲ್ಲಿ ಒತ್ತಿದ ಪದಗಳನ್ನೇ ತೋರಿಸುತ್ತಾರೆ. ನಮ್ಮ ಊಹೆ ಅಲ್ಲ, ಅವರದೇ ಬೆರಳಿನ ಪದ. ಅವನ ಹಳೆಯ ಅಡಿಕೆ ಸಂಚಿಕೆಗಳಿಗೆ ಬಂದವರು ಒತ್ತಿದ್ದರಲ್ಲಿ `adike kole roga` ಇತ್ತು, ಅಡಿಕೆ ಕೊಳೆ ರೋಗ ಎಂದು ಬಿಡಿಸಿ ಬರೆದದ್ದಿತ್ತು, ಕೊಳೆರೋಗ ಎಂದು ಕೂಡಿಸಿ ಬರೆದದ್ದಿತ್ತು, `adike aushadi` ಎಂಬುದೂ ಇತ್ತು. ನಮ್ಮಲ್ಲಿ ಯಾರೂ ‘ಶಿಲೀಂಧ್ರನಾಶಕ ಸಿಂಪಡಣೆ’ ಎನ್ನುವುದಿಲ್ಲ ಅಲ್ವಾ, ‘ಔಷಧಿ ಹೊಡೆಯೋದು’ ಎನ್ನುತ್ತಾರೆ. ಹುಡುಕುವಾಗಲೂ ಅದೇ ಬಾಯಿ.

ಈ ನಾಲ್ಕನ್ನು ಇಟ್ಟುಕೊಂಡು ಕನ್ನಡದ ಸ್ವಭಾವವನ್ನು ಸ್ವಲ್ಪ ನೋಡಬೇಕು. ಕೊಳೆರೋಗ ಎಂದು ಕೂಡಿಸಿದರೆ ಯಂತ್ರಕ್ಕೆ ಅದು ಒಂದು ಪದ. ಕೊಳೆ ರೋಗ ಎಂದು ಬಿಡಿಸಿದರೆ ಎರಡು. ನಾವು ಒಂದೇ ಎಂದು ಓದುತ್ತೇವೆ, ಹುಡುಕಾಟ ಹಾಗೆ ಓದಬೇಕು ಎಂದೇನಿಲ್ಲ. ಇನ್ನೊಂದು ತೊಡಕು ವಿಭಕ್ತಿ. ಇಂಗ್ಲಿಷ್‌ನಲ್ಲಿ ಊರಿನ ಹೆಸರಿಗೆ ಹಿಂದೆ ಮುಂದೆ ಪದ ಸೇರಿದರೂ ಹೆಸರು ಹಾಗೇ ಉಳಿಯುತ್ತದೆ. ನಮ್ಮಲ್ಲಿ ಹೆಸರೇ ಬದಲಾಗುತ್ತದೆ. ಅದರಲ್ಲೂ ಎರಡು ಬಗೆ. ಅಡಿಕೆ ಎಂಬುದು ಅಡಿಕೆಯ, ಅಡಿಕೆಗೆ ಆದರೂ ಮೊದಲ ಭಾಗ ಹಾಗೇ ಇರುತ್ತದೆ. ಪದದ ಶುರು ಹೊಂದಿದರೆ ಸಾಕು ಎನ್ನುವ ಹುಡುಕಾಟದಲ್ಲಿ ಇದು ಪಾರಾಗುತ್ತದೆ. ಆದರೆ ಮಲೆನಾಡು ಎಂಬುದು ಮಲೆನಾಡಿನ ಆದಾಗ ಕೊನೆಯ ಉಕಾರ ಬಿದ್ದು ಇಕಾರ ಬರುತ್ತದೆ. ‘ಮಲೆನಾಡು’ ಎಂದು ಒತ್ತಿದವನ ಅಕ್ಷರಗಳು ‘ಮಲೆನಾಡಿನ ಮಳೆ’ ಎಂಬ ಶೀರ್ಷಿಕೆಯ ಒಳಗೆ ಎಲ್ಲೂ ಇಲ್ಲ! ಕಾಡು, ಊರು, ಜೇನು, ಎಲ್ಲದರ ಕತೆಯೂ ಇದೇ. ಲೋಪಸಂಧಿ ಶಾಲೆಯಲ್ಲಿ ಅಂಕ ಕಿತ್ತುಕೊಂಡಿದ್ದು ಸಾಲದು ಅಂತ ಇಲ್ಲಿಗೂ ಬಂದಿದೆ.

ಇದಕ್ಕೆ ನಾನು ಹಿಡಿದಿರುವ ದಾರಿ ಸರಳ. ಜನ ಹುಡುಕುವ ಪದವನ್ನು ಪ್ರತ್ಯಯ ಹಚ್ಚದೆ ಶೀರ್ಷಿಕೆಯ ಮೊದಲಿಗೆ ಇಡುವುದು, ಆಮೇಲೆ ಎರಡು ಚುಕ್ಕಿ, ಆಮೇಲೆ ಮಾತು. ‘ಅಡಿಕೆಗೆ ಬರುವ ಕೊಳೆರೋಗಕ್ಕೆ ಪರಿಹಾರ’ ಎನ್ನುವ ಬದಲು ‘ಅಡಿಕೆ ಕೊಳೆರೋಗ: ಪರಿಹಾರ ಏನು?’ ಎನ್ನುವುದು. ಸ್ವಲ್ಪ ಒರಟು, ಸರಿ. ಆದರೆ ಫೋನಿನ ಪಟ್ಟಿಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ, ಉಳಿಯುವುದು ತಲೆ. ತಲೆಯಲ್ಲೇ ವಿಷಯ ಇದ್ದರೆ ಎರಡೂ ಕೆಲಸ ಆಗುತ್ತದೆ.

ರೋಮನ್ ಅಕ್ಷರಕ್ಕೆ ಏನು ಮಾಡುವುದು? ಇಲ್ಲಿ ನನಗೂ ಗೆಳೆಯನಿಗೂ ಜಗಳವಾಯಿತು. ಕನ್ನಡದ ಶೋಗೆ ಇಂಗ್ಲಿಷ್ ಅಕ್ಷರ ಹಾಕುವುದು ಅವಮಾನ ಎಂದು ಅವನ ವಾದ. ಕೇಳುಗ ಕನ್ನಡದವನೇ, ಅವನ ಕೀಬೋರ್ಡ್ ಮಾತ್ರ ಕನ್ನಡದ್ದಲ್ಲ ಎಂದು ನನ್ನದು. ಕೊನೆಗೆ ಶೀರ್ಷಿಕೆಯ ತುದಿಗೆ ಒಂದೇ ಒಂದು ರೋಮನ್ ತುಂಡು ಎಂದು ಒಪ್ಪಂದವಾಯಿತು. ಅದನ್ನು ಬೇಕೆಂತಲೇ ಬಿಡಿಸಿ ಬರೆದೆವು. ಕನ್ನಡದಲ್ಲಿ ಕೂಡಿಸಿದ್ದೂ ರೋಮನ್‌ನಲ್ಲಿ ಬಿಡಿಸಿದ್ದೂ ಎರಡೂ ಸಿಕ್ಕವು.

```
ಅಡಿಕೆ ಕೊಳೆರೋಗ: ಬೋರ್ಡೋ ಹೊಡೆಯುವ ಹದ, ಕೊಟ್ಟೆ ಕಟ್ಟುವ ಲೆಕ್ಕ | Adike Kole Roga
```

ಕೊಟ್ಟೆ ಎಂದರೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕಟ್ಟುವ ಹೊದಿಕೆ. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಚಿಹ್ನೆಗಳ ಮಿತಿ ಇದೆ. ಕನ್ನಡದಲ್ಲಿ ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸಿದರೆ ಇದು 70 ಚಿಲ್ಲರೆ. ಅಲ್ಲಿಗೆ ನಿಲ್ಲಿಸಿದೆವು. ‘ಅಡಿಕೆ, ಕೃಷಿ, ರೈತ, ಸಾಗರ, ಶಿವಮೊಗ್ಗ’ ಎಂದು ಬಾಲಕ್ಕೆ ಬಾಲ ಕಟ್ಟುವ ಆಸೆ ಅವನಿಗಿತ್ತು. ಬೇಡ. ಹುಡುಕಾಟವನ್ನು ವಂಚಿಸಲು ಪದಗಳನ್ನು ತುರುಕಿದರೆ ಶೋವನ್ನೇ ಪಟ್ಟಿಯಿಂದ ತೆಗೆಯಬಹುದು ಎಂದು ಆ್ಯಪಲ್ ತನ್ನ ಸೂಚನೆಯಲ್ಲಿ ಹೇಳಿದೆ. ಸಂಚಿಕೆಯ ಶೀರ್ಷಿಕೆಯಲ್ಲಿ ಶೋ ಹೆಸರನ್ನು ಮತ್ತೆ ಬರೆಯಬೇಡಿ, ಸಂಖ್ಯೆಯನ್ನೂ ಹಾಕಬೇಡಿ ಎಂಬುದೂ ಅದರದೇ ಮಾತು. ಆ್ಯಪ್‌ಗಳು ಸಂಚಿಕೆಗಳ ವಿವರ ಓದಿಕೊಳ್ಳುವ ಫೈಲ್‌ಗೆ ಫೀಡ್ ಎನ್ನುತ್ತಾರೆ, ಸಂಖ್ಯೆಗೆ ಅದರಲ್ಲಿ ಬೇರೆ ಜಾಗ ಇದೆ.

```
<title>ಅಡಿಕೆ ಕೊಳೆರೋಗ: ಬೋರ್ಡೋ ಹೊಡೆಯುವ ಹದ...</title>
<itunes:episode>14</itunes:episode>
```

‘ಸಂಚಿಕೆ 14’ ಎಂದು ಯಾರೂ ಹುಡುಕುವುದಿಲ್ಲ, ಆದರೆ ಶೀರ್ಷಿಕೆಯ ಅತಿ ಬೆಲೆಬಾಳುವ ಜಾಗ, ಮೊದಲ ಎರಡು ಪದ, ಅದಕ್ಕೇ ಹೋಗಿತ್ತು. ಕೀವರ್ಡ್‌ಗಳಿಗೆ ಅಂತಲೇ ಇದ್ದ `itunes:keywords` ಎಂಬ ಹಳೆಯ ಜಾಗವನ್ನು ಆ್ಯಪಲ್ ಈಗ ನೋಡುವುದಿಲ್ಲ. ಅದನ್ನು ತುಂಬುತ್ತಾ ಕೂರುವುದು ಸುಮ್ನೆ.

ಇನ್ನು ವಿವರಣೆ. ಇಲ್ಲಿ ಕನ್ನಡದವರಿಗೆ ಮಾತ್ರ ತಟ್ಟುವ ಒಂದು ಲೆಕ್ಕ ಇದೆ. ಆ್ಯಪಲ್‌ನ ಫೀಡ್ ನಿಯಮದಲ್ಲಿ ವಿವರಣೆಯ ಮಿತಿ ಬೈಟ್ ಲೆಕ್ಕದಲ್ಲಿದೆ, ಅದು 4000 ಬೈಟ್ ಎಂದಿಟ್ಟುಕೊಳ್ಳಿ. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಅದೂ ವ್ಯಂಜನಕ್ಕೆ ಬೇರೆ, ಸ್ವರಚಿಹ್ನೆಗೆ ಬೇರೆ. `koleroga` ಎಂದರೆ 8 ಬೈಟ್. ಕೊಳೆರೋಗ ಎಂದರೆ ಏಳು ಚಿಹ್ನೆ, 21 ಬೈಟ್. ಒಂದು ಕನ್ನಡ ಪದಕ್ಕೆ ಖಾಲಿ ಜಾಗವೂ ಸೇರಿ ಸರಾಸರಿ 25 ಬೈಟ್ ಎಂದಿಟ್ಟುಕೊಂಡರೆ 4000 ಬೈಟ್‌ನಲ್ಲಿ ಹಿಡಿಸುವುದು ಸುಮಾರು 160 ಪದ. ಇಂಗ್ಲಿಷ್‌ನವನಿಗೆ ಅದೇ ಜಾಗದಲ್ಲಿ ಆರುನೂರಕ್ಕೂ ಹೆಚ್ಚು ಪದ. ಇಂಗ್ಲಿಷ್ ಶೋಗಳ ಮಾದರಿ ನೋಡಿ ಉದ್ದುದ್ದ ಬರೆದರೆ ನಮ್ಮದು ಎಲ್ಲೋ ನಡುವೆ ತುಂಡಾಗಬಹುದು. ವಿವರಣೆಯನ್ನು ಒಂದು ಫೈಲ್‌ನಲ್ಲಿ ಬರೆದು ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಹೀಗೆ ಕೇಳಿದರೆ ಬೈಟ್ ಎಷ್ಟೆಂದು ಹೇಳುತ್ತದೆ:

```
wc -c vivarane.txt
```

160 ಪದ ಎಂದರೆ ಕಮ್ಮಿಯೇನಲ್ಲ, ‘ನಮಸ್ಕಾರ, ಸ್ವಾಗತ’ಕ್ಕೆ ಖರ್ಚು ಮಾಡದಿದ್ದರೆ. ಆ್ಯಪ್‌ಗಳು ಪಟ್ಟಿಯಲ್ಲಿ ವಿವರಣೆಯ ಮೊದಲ ಒಂದೆರಡು ಸಾಲು ಮಾತ್ರ ತೋರಿಸುತ್ತವೆ. ಗೆಳೆಯನ ಹೊಸ ವಿವರಣೆ ಹೀಗೆ ಶುರುವಾಯಿತು:

‘ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ಔಷಧಿ ಯಾವಾಗ ಹೊಡೆಯಬೇಕು, ಮಳೆ ಬಿಡದಿದ್ದರೆ ಏನು ಮಾಡಬೇಕು? ಸಾಗರ ತಾಲ್ಲೂಕಿನ ಹಿರಿಯ ಬೆಳೆಗಾರರ ಅನುಭವ. ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಬೆರೆಸುವ ಕ್ರಮ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು ಏಕೆ. ಮರ ಹತ್ತುವ ಕೊನೆಗೌಡರು ಸಿಗದಿದ್ದಾಗ ಕೊಟ್ಟೆ ಕಟ್ಟುವುದು ಗಿಟ್ಟುತ್ತದೆಯೇ.’

ಗಮನಿಸಿ, ಶೀರ್ಷಿಕೆಯಲ್ಲಿ ಕೂಡಿಸಿ ಬರೆದ ಕೊಳೆರೋಗ ಇಲ್ಲಿ ಬಿಡಿಸಿಕೊಂಡು ಬಂದಿದೆ. ಔಷಧಿ ಎಂಬ ಊರಿನ ಪದವೂ ದ್ರಾವಣ ಎಂಬ ಇಲಾಖೆಯ ಪದವೂ ಇವೆ. ಪಟ್ಟಿ ಮಾಡದೆ ವಾಕ್ಯದೊಳಗೇ ಕೂತಿರುವುದರಿಂದ ಓದುವವನಿಗೆ ಕಿರಿಕಿರಿ ಇಲ್ಲ. ಇದರ ಕೆಳಗೆ ಯಾವ ನಿಮಿಷಕ್ಕೆ ಯಾವ ಮಾತು ಎಂಬ ಸಾಲುಗಳು. ಯೂಟ್ಯೂಬ್ ಇವನ್ನು ಅಧ್ಯಾಯಗಳಾಗಿ ಮಾಡಬೇಕಾದರೆ ಮೊದಲನೆಯದು `00:00` ಆಗಿರಬೇಕು, ಕನಿಷ್ಠ ಮೂರು ಇರಬೇಕು, ಪ್ರತಿಯೊಂದೂ 10 ಸೆಕೆಂಡಿಗಿಂತ ಚಿಕ್ಕದಾಗಿರಬಾರದು. ‘ಭಾಗ ಒಂದು, ಭಾಗ ಎರಡು’ ಎಂದು ಬರೆದರೆ ಜಾಗ ದಂಡ. ‘ಸುಣ್ಣ ಹೆಚ್ಚಾದರೆ ಏನಾಗುತ್ತದೆ’ ಎಂದು ಬರೆದರೆ ಅದೂ ಹುಡುಕುವವನ ಪ್ರಶ್ನೆಯೇ.

ತೆಗೆದು ಹಾಕಿದ್ದು ಒಂದಿದೆ. ಅವನ ಎಲ್ಲಾ ಸಂಚಿಕೆಗಳ ಕೊನೆಯಲ್ಲೂ ಒಂದೇ ಅಡಿಬರಹ ಇತ್ತು: ‘ಅಡಿಕೆ, ಕಾಳುಮೆಣಸು, ಏಲಕ್ಕಿ, ಜೇನು ಸಾಕಣೆ ಬಗ್ಗೆ ಮಾಹಿತಿಗೆ ನಮ್ಮನ್ನು ಫಾಲೊ ಮಾಡಿ.’ ನೋಡಲು ಏನೂ ತಪ್ಪಿಲ್ಲ. ಆದರೆ ವಿವರಣೆಯನ್ನೂ ಓದುವ ಹುಡುಕಾಟದಲ್ಲಿ ಜೇನು ಸಾಕಣೆ ಎಂದು ಒತ್ತಿದವನಿಗೆ ಈ ಶೋನ ಯಾವ ಸಂಚಿಕೆಯಾದರೂ ಬರಬಹುದು, ಕೊಳೆರೋಗದ್ದೂ ಸೇರಿ. ಜೇನು ಎಂದು ಒತ್ತಿ, ಮೈಲುತುತ್ತದ ಮಾತು ಕೇಳಿ, ಅರ್ಧ ನಿಮಿಷದಲ್ಲಿ ಹೊರಗೆ ಹೋದವನು ವಾಪಸ್ ಬರುವುದಿಲ್ಲ.

ಅಕ್ಷರದ ವಿಷಯದಲ್ಲಿ ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ಅಂಟಿಸಿದರೆ ಒಳಗೆ ಇರುವುದು ಯೂನಿಕೋಡ್ ಕನ್ನಡ ಅಲ್ಲ, ಆ್ಯಪ್‌ನಲ್ಲಿ ಅದು ಗೊಜ್ಜಾಗಿ ಕಾಣುತ್ತದೆ. ಇದು ಬೇಗ ಗೊತ್ತಾಗುತ್ತದೆ, ಪರವಾಗಿಲ್ಲ. ಗೊತ್ತಾಗದ್ದು ಬೇರೆ. ಕೊ ಎಂಬುದರ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಳಗಿನ ಬೈಟ್‌ಗಳು ಬೇರೆ. ಒಳ್ಳೆಯ ಹುಡುಕಾಟ ಎರಡನ್ನೂ ಒಂದು ಮಾಡಿಕೊಂಡು ನೋಡುತ್ತದೆ, ಎಲ್ಲವೂ ಒಳ್ಳೆಯವಲ್ಲ. ಇನ್ನೊಂದು, ಪಾಡ್‌ಕಾಸ್ಟ್ ಎಂಬ ಪದದಲ್ಲೇ ಡ್ ಮತ್ತು ಕಾ ನಡುವೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಅದಿಲ್ಲದಿದ್ದರೆ ಕ ಒತ್ತಾಗಿ ಕೆಳಗೆ ಇಳಿಯುತ್ತದೆ. ಕೇಳುಗರು ಆ ಚಿಹ್ನೆ ಹಾಕಿ ಒತ್ತುತ್ತಾರೆಂದು ನಂಬಬೇಡಿ. ಬೋರ್ಡೋ, ಬೋರ್ಡೊ ಎಂಬ ದೀರ್ಘ ಹ್ರಸ್ವದ ಗೊಂದಲವಂತೂ ಕಣ್ಣಿಗೆ ಕಾಣುವಂಥದ್ದೇ. ನಾನು ಇಂಥ ಪದಗಳನ್ನು ಪಿಡಿಎಫ್‌ನಿಂದ ನಕಲು ಮಾಡದೆ ಫೋನಿನಲ್ಲೇ ಹೊಸದಾಗಿ ಒತ್ತಿ ಬರೆಯುತ್ತೇನೆ. ಹುಡುಕುವವರ ಕೈಯಲ್ಲಿರುವುದೂ ಅಂಥದ್ದೇ ಕೀಬೋರ್ಡ್ ತಾನೇ.

ಹಳೆಯ ಸಂಚಿಕೆಯ ಶೀರ್ಷಿಕೆ ಬದಲಿಸಬಹುದೇ ಎಂಬ ಅನುಮಾನ ಬಹಳ ಜನಕ್ಕಿದೆ. ಬದಲಿಸಬಹುದು. ಫೀಡ್‌ನಲ್ಲಿ ಪ್ರತಿ ಸಂಚಿಕೆಗೂ `guid` ಎಂಬ ಗುರುತು ಇರುತ್ತದೆ. ಅದು ಮಾತ್ರ ಬದಲಾಗಬಾರದು. ಶೀರ್ಷಿಕೆ ತಿದ್ದುವ ಬದಲು ಸಂಚಿಕೆಯನ್ನು ಅಳಿಸಿ ಹೊಸದಾಗಿ ಹಾಕಿದರೆ ಗುರುತೂ ಹೊಸದಾಗುತ್ತದೆ. ಆಗ ಹಳೆಯ ಕೇಳುಗರಿಗೆ ಅದೇ ಮಾತುಕತೆ ಹೊಸ ಸಂಚಿಕೆಯಾಗಿ ಮತ್ತೆ ಬರುತ್ತದೆ.

ತಿದ್ದಿದ ಮೇಲೆ ಒಂದೆರಡು ದಿನ ಬಿಟ್ಟು ಪರೀಕ್ಷೆ ಮಾಡಬೇಕು. ಸ್ವಂತ ಫೋನಿನಲ್ಲಿ ಬೇಡ. ನೀವು ಕೇಳಿದ ಶೋವನ್ನು ಆ್ಯಪ್ ನಿಮಗೆ ಮೇಲಕ್ಕೆ ತಂದು ತೋರಿಸಬಹುದು, ಸುಮ್ನೆ ಖುಷಿಯಾಗುತ್ತೀರಿ. ಆ್ಯಪಲ್‌ನ ಪಟ್ಟಿಯನ್ನು ಬ್ರೌಸರ್‌ನಲ್ಲೇ ಕೇಳಬಹುದು:

```
https://itunes.apple.com/search?term=ಕೊಳೆರೋಗ&country=in&media=podcast&entity=podcastEpisode&limit=25
```

ಬರುವ ಉತ್ತರದಲ್ಲಿ `resultCount` ಎಷ್ಟು ಸಿಕ್ಕಿತು ಎಂದು ಹೇಳುತ್ತದೆ, `trackName` ಸಂಚಿಕೆಯ ಶೀರ್ಷಿಕೆ. `term` ಜಾಗದಲ್ಲಿ ಒಂದೊಂದೇ ರೂಪ ಹಾಕಿ ನೋಡಿ: ಕೂಡಿಸಿದ್ದು, ಬಿಡಿಸಿದ್ದು, ರೋಮನ್, ಪ್ರತ್ಯಯ ಹಚ್ಚಿದ್ದು. ಯಾವ ರೂಪಕ್ಕೆ ನಿಮ್ಮ ಸಂಚಿಕೆ ಬರುತ್ತದೆ, ಯಾವುದಕ್ಕೆ ಇಲ್ಲ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆ್ಯಪ್ ಒಳಗಿನ ಸಾಲು ಇದೇ ಕ್ರಮದಲ್ಲಿ ಇರಬೇಕೆಂದಿಲ್ಲ, ಅಲ್ಲಿ ಜನಪ್ರಿಯತೆಯ ತೂಕ ಸೇರುತ್ತದೆ. ಹಾಗಾಗಿ ‘ಅಡಿಕೆ’ ಎಂಬ ಒಂದೇ ಪದಕ್ಕೆ ಸಣ್ಣ ಶೋ ಮೇಲೆ ಬರುವ ಆಸೆ ಇಟ್ಟುಕೊಳ್ಳಬಾರದು, ಅಲ್ಲಿ ದೊಡ್ಡವರು ಕೂತಿರುತ್ತಾರೆ. ‘ಕೊಳೆರೋಗ ಬೋರ್ಡೋ’ ಎಂಬಂಥ ಕಿರಿದಾದ ಹುಡುಕಾಟದಲ್ಲಿ ಪೈಪೋಟಿ ಕಡಿಮೆ. ಮಳೆಗಾಲದಲ್ಲಿ ಹಾಗೆ ಹುಡುಕುವವನಿಗೆ ಉತ್ತರ ಅವತ್ತೇ ಬೇಕಾಗಿರುತ್ತದೆ, ಪೂರ್ತಿ ಕೇಳುತ್ತಾನೆ ಕೂಡ.

ಶೀರ್ಷಿಕೆ ಬದಲಾದ ಮೇಲೆ ಪಕ್ಕದ ತೋಟದವರಿಗೆ ಸಂಚಿಕೆ ಸಿಕ್ಕಿತು. ಅವರು ಮೈಕ್ ಒತ್ತಿ ಬಾಯಲ್ಲಿ ಹೇಳಿದ್ದರಂತೆ, ಫೋನ್ ಅದನ್ನು ‘ಕೊಳೆ ರೋಗ’ ಎಂದು ಬಿಡಿಸಿ ಬರೆದುಕೊಂಡಿತ್ತು. ‘ಮಳೆ ಬರೆದ ಕಣ್ಣೀರು’ ಎಂಬ ಹೆಸರನ್ನು ಬಿಡಲು ಗೆಳೆಯನಿಗೆ ಮನಸ್ಸಿರಲಿಲ್ಲ. ಅದು ಈಗ ವಿವರಣೆಯ ಕೊನೆಯ ಸಾಲಿನಲ್ಲಿದೆ. ಮುಂದಿನ ಸಂಚಿಕೆ ಎಲೆಚುಕ್ಕಿ ರೋಗದ ಮೇಲೆ. ಎಲೆಚುಕ್ಕಿಯೋ, ಎಲೆ ಚುಕ್ಕೆಯೋ ಎಂದು ಅವನು ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದ. ಊರಲ್ಲಿ ನಾಲ್ಕು ಜನಕ್ಕೆ ಫೋನ್ ಕೊಟ್ಟು ಒತ್ತಿಸಿ ನೋಡು ಎಂದಿದ್ದೇನೆ.